ಕಲ್ಲಿನ ಮೇಲಿನ ಗೀರು ಫೈಲಿನೊಳಗೂ ಉಳಿಯಬೇಕು

ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಶಾಸನದ ಕಲ್ಲು ಅಪರೂಪದ್ದಲ್ಲ. ಮಾರುತಿ ಗುಡಿಯ ಗೋಡೆಗೆ ಒರಗಿಸಿದ್ದು, ಬಾವಿಯ ಕಟ್ಟೆಗೆ ಸೇರಿಸಿದ್ದು, ಊರ ಬಾಗಿಲ ಪಕ್ಕ ಅರ್ಧ ಹೂತದ್ದು ಎಂದು ಹುಡುಕಿದವರಿಗೆ ಇಂದಿಗೂ ಸಿಗುತ್ತವೆ. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಸೇರಿ 1988ರಲ್ಲಿ ಪುಸ್ತಕವಾಗಿ ಹೊರತಂದರು. ಅದನ್ನು ತಿರುವಿದರೆ ಈ ನೆಲದಲ್ಲಿ ಚಾಲುಕ್ಯರ ಕಾಲದ ಕನ್ನಡ ಎಷ್ಟು ದಟ್ಟವಾಗಿ ಹರಡಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಈಗ ಆ ಕೆಲಸದ ಮುಂದುವರಿಕೆ ಬಹುಪಾಲು ಮೊಬೈಲಿನಲ್ಲಿ ನಡೆಯುತ್ತಿದೆ. ಊರಿನ ಹುಡುಗರು ಕಲ್ಲಿನ ಫೋಟೊ ತೆಗೆಯುತ್ತಾರೆ, ಒಂದು ಆ್ಯಪ್‌ನಲ್ಲಿ ಕಾಂಟ್ರಾಸ್ಟ್ ಏರಿಸುತ್ತಾರೆ, ಧಾರವಾಡಕ್ಕೋ ಕಲಬುರ್ಗಿಗೋ ಬಲ್ಲವರೊಬ್ಬರಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ. ಆ ಕಡೆಯಿಂದ ಬರುವ ಉತ್ತರ ಹೆಚ್ಚಾಗಿ ಒಂದೇ: ‘ಅಕ್ಷರ ಕೂಡುತ್ತಿಲ್ಲ, ಇನ್ನೊಮ್ಮೆ ತೆಗೆದು ಕಳಿಸಿ.’

ಕೂಡದಿರುವುದಕ್ಕೆ ಎಷ್ಟೋ ಸಲ ಕಾರಣ ಕಲ್ಲು ಸವೆದದ್ದಲ್ಲ, ಕ್ಯಾಮೆರಾ ಕಡಿಮೆ ಬೆಲೆಯದೆಂದೂ ಅಲ್ಲ. ಫೋಟೊ ಯಾವ ಫೈಲಾಗಿ, ಯಾವ ಹಂತದಲ್ಲಿ ಉಳಿಯಿತು ಎಂಬುದರಲ್ಲಿ ಕಾರಣ ಇರುತ್ತದೆ. ಜೆಪೆಗ್‌ನಂಥ ನಷ್ಟಸಹಿತ ವಿಧಾನಗಳು ಚಿತ್ರವನ್ನು ಚಿಕ್ಕದು ಮಾಡುವುದು ಕಣ್ಣಿಗೆ ಕಾಣದ ವಿವರವನ್ನು ಆರಿಸಿ ಬಿಸಾಡುವ ಮೂಲಕ. ಸವೆದ ಶಾಸನದ ಫೋಟೊವನ್ನು ನಾವು ತಿದ್ದುವುದಾದರೂ ಏತಕ್ಕೆ? ಕಣ್ಣಿಗೆ ಕಾಣದ ವಿವರವನ್ನೇ ಎತ್ತಿ ತೋರಿಸುವುದಕ್ಕೆ. ಈ ಎರಡೂ ಒಂದಕ್ಕೊಂದು ತಿರುಗಿ ನಿಂತ ಕೆಲಸಗಳು. ಮೊದಲು ಬಿಸಾಡಿ ಆಮೇಲೆ ಹುಡುಕಿದರೆ ಸಿಗುವುದು ಕಲ್ಲಿನ ಗೀರಲ್ಲ, ಫೈಲಿನ ಕಸ. ಆದ್ದರಿಂದ ತಿದ್ದುವ ಕೆಲಸ ಮುಗಿಯುವವರೆಗೆ ಪ್ರತಿ ಹಂತವೂ ನಷ್ಟರಹಿತ ಫೈಲಿನಲ್ಲೇ ನಡೆಯಬೇಕು. ಚಿಕ್ಕದು ಮಾಡುವುದು ಏನಿದ್ದರೂ ಎಲ್ಲ ಮುಗಿದ ಮೇಲೆ, ಅದೂ ಕಳಿಸುವ ಪ್ರತಿಗೆ ಮಾತ್ರ.

ಒಂದು ಕಲ್ಲನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕೋಣ. ಅದರ ಅಗಲ ಮೂರು ಅಡಿ, ಅಂದರೆ ಸುಮಾರು 90 ಸೆಂಟಿಮೀಟರ್. ಮೊಬೈಲು 12 ಮೆಗಾಪಿಕ್ಸೆಲ್‌ನದು, ಚಿತ್ರದ ಅಳತೆ 4000 × 3000. ಕಲ್ಲು ಚೌಕಟ್ಟಿನ ತುಂಬ ಬಂದರೆ ಒಂದು ಮಿಲಿಮೀಟರಿಗೆ ಸುಮಾರು 4.4 ಪಿಕ್ಸೆಲ್ ಸಿಗುತ್ತವೆ. ಎರಡೂವರೆ ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ 110 ಪಿಕ್ಸೆಲ್, ಎರಡು ಮಿಲಿಮೀಟರ್ ಅಗಲದ ಉಳಿಯ ಗೀರಿಗೆ ಒಂಬತ್ತು ಪಿಕ್ಸೆಲ್. ಇಷ್ಟಿದ್ದರೆ ಓದಲು ತೊಂದರೆಯಿಲ್ಲ. ಆದರೆ ಸವೆದ ಗೀರಿನಲ್ಲಿ ನಿಜವಾಗಿ ಉಳಿದಿರುವುದು ಗೀರಿನ ಒಂದು ಅಂಚಿನ ನೆರಳು ಮಾತ್ರ. ಅದು ಅರ್ಧ ಮಿಲಿಮೀಟರ್ ಇದ್ದರೆ ಪಾಲಿಗೆ ಬರುವುದು ಎರಡೇ ಪಿಕ್ಸೆಲ್. ವಾಟ್ಸ್ಆ್ಯಪ್ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸುವಾಗ ಚಿತ್ರದ ಉದ್ದ ಬದಿಯನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸುತ್ತದೆ. ಆಗ ಒಂದು ಮಿಲಿಮೀಟರಿಗೆ ಎರಡಕ್ಕಿಂತ ಕಡಿಮೆ ಪಿಕ್ಸೆಲ್ ಉಳಿಯುತ್ತವೆ, ಆ ನೆರಳಿನ ಪಾಲು ಒಂದು ಪಿಕ್ಸೆಲ್ಲಿಗೂ ಕಡಿಮೆಯಾಗುತ್ತದೆ. ಅದಾದ ಮೇಲೆ ಯಾವ ತಿದ್ದುಪಡಿಯೂ ಅದನ್ನು ಮರಳಿ ತರಲಾರದು.

ಅಳತೆ ಇಳಿಸುವುದು ಕಣ್ಣಿಗೆ ಗೊತ್ತಾಗುವ ನಷ್ಟ. ಜೆಪೆಗ್ ಒಳಗೆ ನಡೆಯುವ ನಷ್ಟ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1992ರಲ್ಲಿ ಮಾನಕವಾದ ಈ ವಿಧಾನ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಪಿಕ್ಸೆಲ್‌ಗಳನ್ನು 64 ಏರಿಳಿತಗಳ ಮೊತ್ತವಾಗಿ ಬರೆದುಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಇಡೀ ಚೌಕದ ಬೆಳಕನ್ನು ಹೇಳುವ ನಿಧಾನದ ಏರಿಳಿತ, ಕೆಲವು ನವಿರಾದ ಗೀರು ಮತ್ತು ಕಲ್ಲಿನ ಕಾಳನ್ನು ಹೇಳುವ ಬಿರುಸಾದ ಏರಿಳಿತ. ಆಮೇಲೆ ಪ್ರತಿಯೊಂದು ಏರಿಳಿತದ ಬಲವನ್ನೂ ಒಂದು ನಿಗದಿತ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಮಾಡುತ್ತದೆ. ನಷ್ಟವಾಗುವ ಮುಖ್ಯ ಜಾಗ ಇದೇ.

ನಮ್ಮ ಕಲ್ಲಿನ ಸವೆದ ಗೀರು ಸುತ್ತಲಿನ ಮೇಲ್ಮೈಗಿಂತ ಎಷ್ಟು ಬೇರೆ? ಬೆಳಕನ್ನು 0ಯಿಂದ 255ರವರೆಗೆ ಅಳೆದರೆ, ಸರಾಸರಿಗಿಂತ ಮೂರು ಮೇಲೆ, ಮೂರು ಕೆಳಗೆ ಎಂದುಕೊಳ್ಳೋಣ. ಅಡ್ಡಕ್ಕೂ ಉದ್ದಕ್ಕೂ ಏರಿಳಿಯುವ, ಮಧ್ಯಮ ನವಿರಿನ ವಿನ್ಯಾಸ ಅದಾದರೆ ಜೆಪೆಗ್ ಲೆಕ್ಕದಲ್ಲಿ ಅದರ ಬಲ 12. ಸಾಮಾನ್ಯವಾಗಿ ಬಳಸುವ ಕೋಷ್ಟಕದಲ್ಲಿ ಗುಣಮಟ್ಟ 75 ಎಂದಿಟ್ಟರೆ ಆ ಸ್ಥಾನದ ಭಾಜಕ 34. ಹನ್ನೆರಡನ್ನು 34ರಿಂದ ಭಾಗಿಸಿದರೆ 0.35, ಸರಿಮಾಡಿದರೆ ಸೊನ್ನೆ. ಒಂದು ಕಿಲೋದ ಬಟ್ಟು ಮಾತ್ರ ಇರುವ ಅಂಗಡಿಯಲ್ಲಿ ಮುನ್ನೂರೈವತ್ತು ಗ್ರಾಂ ಶೇಂಗಾ ತೂಗಿದಂತೆ: ಪುಸ್ತಕದಲ್ಲಿ ‘ಏನೂ ಇಲ್ಲ’ ಎಂದೇ ಬರೆಯುತ್ತಾರೆ. ಗುಣಮಟ್ಟ 95ಕ್ಕೆ ಏರಿಸಿದರೆ ಅದೇ ಸ್ಥಾನದ ಭಾಜಕ 7 ಆಗುತ್ತದೆ. ಹನ್ನೆರಡು ಭಾಗಿಸು ಏಳು, ಸರಿಮಾಡಿದರೆ 2. ತೆರೆಯುವಾಗ ಅದನ್ನು ಮತ್ತೆ ಏಳರಿಂದ ಗುಣಿಸಿ 14 ಎಂದು ಓದಲಾಗುತ್ತದೆ. ತುಸು ತಪ್ಪು, ಆದರೆ ಗೀರು ಉಳಿಯಿತು. ಈ ಗುಣಮಟ್ಟದ ಸಂಖ್ಯೆ ಎಲ್ಲ ಸಾಫ್ಟ್‌ವೇರಿನಲ್ಲೂ ಒಂದೇ ಅಲ್ಲ. ಫೋಟೊಶಾಪ್‌ನ 12ರ ಮಾಪನಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಹಾಗಾಗಿ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ, ಫಲವನ್ನೇ ನೋಡಬೇಕು. ಹೇಗೆ ನೋಡುವುದೆಂದು ಮುಂದೆ ಹೇಳುತ್ತೇನೆ.

ಈಗ 75ರಲ್ಲಿ ಉಳಿಸಿದ ಫೈಲನ್ನೇ ತೆಗೆದುಕೊಂಡು ಕಾಂಟ್ರಾಸ್ಟ್ ಎಳೆಯುತ್ತೇವೆ. ಗುಡಿಯ ಮಬ್ಬಿನಲ್ಲಿ ಕಪ್ಪು ಕಲ್ಲಿನ ಬೆಳಕು 90ರಿಂದ 130ರ ನಡುವೆಯೇ ಇರುತ್ತದೆ ಎನ್ನಿ. ಆ ನಲವತ್ತು ಮೆಟ್ಟಿಲನ್ನು 0ಯಿಂದ 255ಕ್ಕೆ ಎಳೆದರೆ ಪ್ರತಿ ವ್ಯತ್ಯಾಸವೂ ಆರು ಪಟ್ಟಿಗಿಂತ ಹೆಚ್ಚಾಗುತ್ತದೆ. ಸೊನ್ನೆಯಾದ ಗೀರು ಆರು ಪಟ್ಟಾದರೂ ಸೊನ್ನೆಯೇ. ಆದರೆ ಸರಿಮಾಡುವಾಗ ಆದ ತಪ್ಪುಗಳೂ ಆರು ಪಟ್ಟಾಗಿ ಎದ್ದು ಬರುತ್ತವೆ. ಎಂಟೆಂಟು ಪಿಕ್ಸೆಲ್ಲಿಗೊಂದು ಗೆರೆ ಎಳೆದ ಹಾಗೆ ಚೌಕಗಳ ಅಂಚು ಕಾಣುತ್ತದೆ. ಆಳವಾದ ಅಕ್ಷರದ ಪಕ್ಕದಲ್ಲಿ ಅದರದೇ ನಡುಗುವ ಪ್ರತಿಧ್ವನಿಯಂತೆ ತೆಳು ಗೆರೆಗಳು ಏಳುತ್ತವೆ. ಶಾಸನ ಓದುವವರಿಗೆ ಅತ್ಯಂತ ಅಪಾಯದ್ದು ಇದೇ, ಯಾಕೆಂದರೆ ಈ ಗೆರೆಗಳು ಅಕ್ಷರದ ಬಳಿಯಲ್ಲೇ, ಅಕ್ಷರದ ಬಳುಕನ್ನೇ ಅನುಸರಿಸಿ ಹುಟ್ಟುತ್ತವೆ. ಹಳಗನ್ನಡ ಶಾಸನಗಳಲ್ಲಿ ‘ಚ’ ಮತ್ತು ‘ವ’ ಮೊದಲೇ ಬಹಳ ಹತ್ತಿರ. ಇಲ್ಲದ ಒಂದು ಗೆರೆ ಹುಟ್ಟಿದರೂ ಇರುವ ಒಂದು ಗೆರೆ ಅಳಿದರೂ ಓದು ಬೇರೆ ದಾರಿ ಹಿಡಿಯುತ್ತದೆ.

ನಮ್ಮ ಭಾಗದ ಕಲ್ಲಿಗೆ ಇನ್ನೊಂದು ತೊಡಕಿದೆ. ಸೊಲ್ಲಾಪುರ, ಅಕ್ಕಲಕೋಟ ಎಲ್ಲ ದಖ್ಖನ್ನಿನ ಜ್ವಾಲಾಮುಖಿ ಶಿಲೆಯ ಮೇಲೆ ಕೂತ ನೆಲ. ಲಾವಾ ಆರುವಾಗ ಒಳಗಿದ್ದ ಅನಿಲದ ಗುಳ್ಳೆಗಳು ಬಿಟ್ಟುಹೋದ ಸಣ್ಣ ಕುಳಿಗಳು ಈ ಕಪ್ಪು ಕಲ್ಲಿನಲ್ಲಿ ಹಲವು ಕಡೆ ಇರುತ್ತವೆ. ಕೆತ್ತಿದ ಅನುಸ್ವಾರದ ಬಿಂದುವೂ ಸಣ್ಣ ಕುಳಿಯೇ. ಬಿಂದುವೋ ಗುಳ್ಳೆಯೋ ಎಂದು ಹೇಳುವುದು ಕುಳಿಯ ಅಂಚು ನೋಡಿ: ಉಳಿ ತಾಗಿದ ಕುಳಿಯ ಅಂಚಿಗೆ ಒಂದು ಬಗೆಯ ಒಡೆತ, ಗುಳ್ಳೆಯ ಅಂಚಿಗೆ ಇನ್ನೊಂದು ಬಗೆಯ ನುಣುಪು. ಈ ವ್ಯತ್ಯಾಸ ಅರ್ಧ ಮಿಲಿಮೀಟರಿನ ಒಳಗಿನದು. ಜೆಪೆಗ್‌ನಲ್ಲಿ ಮೊದಲು ಸೊನ್ನೆಯಾಗುವುದು ಅಂಥ ನವಿರು ಏರಿಳಿತಗಳೇ. ಅಂಚು ಮಸುಕಾದ ಮೇಲೆ ಎಲ್ಲ ಕುಳಿಗಳೂ ಒಂದೇ ಥರದ ಕಪ್ಪು ಚುಕ್ಕೆ.

ಬಣ್ಣದ ಮಾತು ಬೇರೆ. ಜೆಪೆಗ್ ಉಳಿಸುವ ಬಹುಪಾಲು ಉಪಕರಣಗಳು ಬೆಳಕನ್ನು ಪೂರ್ತಿ ಅಳತೆಯಲ್ಲಿಟ್ಟು, ಬಣ್ಣವನ್ನು ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಮಾಡುತ್ತವೆ. ಸೆಟ್ಟಿಂಗಿನಲ್ಲಿ ಇದನ್ನು 4:2:0 ಎಂದು ಬರೆದಿರುತ್ತಾರೆ. ನಷ್ಟಸಹಿತ ವೆಬ್‌ಪಿಯಲ್ಲಿ ಯಾವಾಗಲೂ ಹೀಗೆಯೇ, ಬೇರೆ ಆಯ್ಕೆಯೇ ಇಲ್ಲ. ಮದುವೆ ಫೋಟೊಕ್ಕೆ ಇದರಿಂದ ತೊಂದರೆ ಅಷ್ಟಿಲ್ಲ. ಆದರೆ ಪೂಜೆಗೊಳ್ಳುವ ಕಲ್ಲಿನ ಮೇಲೆ ವರ್ಷಾನುಗಟ್ಟಲೆ ಸಿಂಧೂರ, ಎಣ್ಣೆ, ಸುಣ್ಣ ಪದರ ಕಟ್ಟಿರುತ್ತವೆ. ಗೀರಿನೊಳಗೆ ಇಳಿದ ಸಿಂಧೂರ ಮೇಲ್ಮೈಯಲ್ಲಿ ಒರೆಸಿಹೋದರೂ ಒಳಗೆ ಉಳಿದಿರುತ್ತದೆ. ಅಂಥ ಕಡೆ ಅಕ್ಷರವನ್ನು ಹೊರಗೆ ತರುವುದು ಬೆಳಕಿನ ವ್ಯತ್ಯಾಸವಲ್ಲ, ಕೆಂಪಿನ ವ್ಯತ್ಯಾಸ. ಬಂಡೆಚಿತ್ರಗಳಿಗಾಗಿ ಜಾನ್ ಹಾರ್ಮನ್ ಮಾಡಿದ ಡಿಸ್ಟ್ರೆಚ್ ಎಂಬ ಸಾಧನ ಈ ಬಗೆಯ ಬಣ್ಣದ ವ್ಯತ್ಯಾಸವನ್ನೇ ಎಳೆದು ತೋರಿಸುತ್ತದೆ. 4:2:0 ಫೈಲನ್ನು ಅದಕ್ಕೆ ಕೊಟ್ಟರೆ ಹದಿನಾರು ಪಿಕ್ಸೆಲ್ ಅಗಲದ ಬಣ್ಣದ ಚೌಕಗಳೇ ಚಿತ್ರದ ತುಂಬ ಎದ್ದು ನಿಲ್ಲುತ್ತವೆ. ಹಾಗೆ ಚೌಕಗಳು ಕಂಡರೆ ಕಲ್ಲನ್ನು ದೂರಬೇಕಿಲ್ಲ, ಮೂಲ ಫೈಲು ಮೊದಲೇ ಕೆಟ್ಟಿತ್ತು.

ಇದೆಲ್ಲ ತಪ್ಪಬೇಕಾದರೆ ಹೊರಡುವ ಜಾಗ ಕ್ಯಾಮೆರಾದ ರಾ ಫೈಲು. ಈಗಿನ ಅನೇಕ ಮೊಬೈಲುಗಳ ‘ಪ್ರೊ’ ವಿಭಾಗದಲ್ಲಿ ರಾ ಅಥವಾ ಡಿಎನ್‌ಜಿ ಎಂಬ ಆಯ್ಕೆ ಇದೆ. ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. ಹತ್ತು ಬಿಟ್ಟಿನ ರಾ ಫೈಲಿಗೆ 1024, ಹನ್ನೆರಡು ಬಿಟ್ಟಿನದಕ್ಕೆ 4096. ನಲವತ್ತೇ ಮೆಟ್ಟಿಲನ್ನು ಆರು ಪಟ್ಟು ಎಳೆದರೆ ನಡುನಡುವೆ ಖಾಲಿ ಬಿದ್ದು ನೆರಳು ತುಂಡುತುಂಡಾಗುತ್ತದೆ. ಮೆಟ್ಟಿಲು ಹೆಚ್ಚಿದ್ದರೆ ಎಳೆದರೂ ನೆರಳು ಮೆತ್ತಗೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮಬ್ಬಿನಲ್ಲಿ ಮೊಬೈಲು ತಾನಾಗಿ ಮಾಡುವ ‘ಕಾಳು ತೆಗೆಯುವ’ ನಯಗಾರಿಕೆ ಬಹುತೇಕ ಮೊಬೈಲುಗಳ ರಾ ಫೈಲಿನಲ್ಲಿ ಇರುವುದಿಲ್ಲ. ಆ ನಯಗಾರಿಕೆ ಕಲ್ಲಿನ ಕಾಳನ್ನೂ ಸವೆದ ಗೀರನ್ನೂ ಒಂದೇ ಕಸವೆಂದು ಒರೆಸುತ್ತದೆ. ಇಡೀ ಕಲ್ಲಿನದೊಂದು ಫೋಟೊ ತೆಗೆದ ಮೇಲೆ ಕಲ್ಲನ್ನು ನಾಲ್ಕು ಭಾಗ ಮಾಡಿ, ಅಂಚು ಅಂಚು ಸೇರುವಂತೆ ಹತ್ತಿರದಿಂದ ಒಂದೊಂದನ್ನೂ ತೆಗೆದರೆ ಮಿಲಿಮೀಟರಿಗೆ ಎಂಟು ಪಿಕ್ಸೆಲ್ ಸಿಗುತ್ತವೆ. ಬೆಳಕು ಬದಿಯಿಂದ, ಕಲ್ಲಿನ ಮೈ ಸವರಿಕೊಂಡು ಬರಬೇಕು. ಸಂಜೆಯ ಬಿಸಿಲಾದರೂ ಸರಿ, ಒಂದು ಟಾರ್ಚಾದರೂ ಸರಿ.

ರಾ ಫೈಲನ್ನು ತೆರೆದು ತಿದ್ದಿದ ಮೇಲೆ ಉಳಿಸುವುದು 16 ಬಿಟ್ಟಿನ ಟಿಫ್ ಅಥವಾ ಪಿಎನ್‌ಜಿಯಲ್ಲಿ. 12 ಮೆಗಾಪಿಕ್ಸೆಲ್ ಚಿತ್ರ 16 ಬಿಟ್ಟಿನಲ್ಲಿ ಕುಗ್ಗಿಸದೆ ಇಟ್ಟರೆ 72 ಮೆಗಾಬೈಟ್, 8 ಬಿಟ್ಟಿನಲ್ಲಿ 36. ಇದು ಭಾರ ಎನಿಸಿದರೆ ಜೆಪೆಗ್ ಎಕ್ಸ್‌ಎಲ್ ಒಳ್ಳೆಯ ದಾರಿ. 2022ರಲ್ಲಿ ಮಾನಕವಾಗಿ ಪ್ರಕಟವಾದ ಈ ವಿಧಾನಕ್ಕೆ ನಷ್ಟರಹಿತ ರೂಪವೂ ಇದೆ, 16 ಬಿಟ್ಟನ್ನೂ ಒಪ್ಪುತ್ತದೆ. ಫೋಟೊಗಳಲ್ಲಿ ಪಿಎನ್‌ಜಿಗಿಂತ ಸಾಕಷ್ಟು ಚಿಕ್ಕ ಫೈಲು ಕೊಡುತ್ತದೆ. ಹಳೆಯ ಜೆಪೆಗ್ ಫೈಲುಗಳನ್ನು ಒಂದೂ ಬಿಟ್ ಕೆಡದಂತೆ ಸುಮಾರು ಐದನೆಯ ಒಂದು ಭಾಗ ಚಿಕ್ಕದು ಮಾಡಿ, ಬೇಕಾದಾಗ ಮೂಲ ಫೈಲನ್ನು ಯಥಾವತ್ತಾಗಿ ಮರಳಿ ಕೊಡುವ ಗುಣ ಅದಕ್ಕುಂಟು. ಹಿಂದಿನವರು ತೆಗೆದಿಟ್ಟ ಜೆಪೆಗ್ ಫೋಟೊಗಳ ಸಂಗ್ರಹ ಇರುವವರಿಗೆ ಇದು ದೊಡ್ಡ ಅನುಕೂಲ. ತೊಡಕೆಂದರೆ ಎಲ್ಲ ಮೊಬೈಲು, ಎಲ್ಲ ಬ್ರೌಸರ್ ಇದನ್ನು ತೆರೆಯುವುದಿಲ್ಲ. ಆದ್ದರಿಂದ ನಾನು ಇದನ್ನು ಸಂಗ್ರಹಕ್ಕೆ ಮಾತ್ರ ಹೇಳುತ್ತೇನೆ, ಕಳಿಸುವುದಕ್ಕಲ್ಲ. ಕಂಪ್ಯೂಟರಿನಲ್ಲಿ ಆಜ್ಞೆ ಇಷ್ಟೇ:

```
cjxl shasana.png shasana.jxl -d 0
djxl shasana.jxl marali.png
magick compare -metric AE shasana.png marali.png null:
```

ಮೊದಲ ಸಾಲಿನ `-d 0` ಎಂದರೆ ನಷ್ಟವೇ ಬೇಡ ಎಂದು. ಎರಡನೆಯದು ಮರಳಿ ಬಿಡಿಸುತ್ತದೆ. ಮೂರನೆಯದು ಎರಡು ಚಿತ್ರಗಳಲ್ಲಿ ಎಷ್ಟು ಪಿಕ್ಸೆಲ್ ಬೇರೆಯಾದವೆಂದು ಎಣಿಸುತ್ತದೆ. ಉತ್ತರ ಸೊನ್ನೆ ಬಂದರೆ ಮಾತ್ರ ನಷ್ಟರಹಿತ ಎಂದು ನಂಬಬಹುದು. ವೆಬ್‌ಪಿಗೂ ನಷ್ಟರಹಿತ ರೂಪ ಇದೆ, ಆದರೆ ಅದು 8 ಬಿಟ್ಟಿನದು. 16 ಬಿಟ್ಟಿನ ಚಿತ್ರ ಕೊಟ್ಟರೆ ಹೆಸರಿಗೆ ನಷ್ಟರಹಿತವಾಗಿದ್ದೂ ಮೆಟ್ಟಿಲುಗಳು ಹೋಗಿರುತ್ತವೆ.

ಎವಿಐಎಫ್, ಎಚ್‌ಇಐಸಿ ಎರಡೂ ವಿಡಿಯೊ ಕುಗ್ಗಿಸುವ ವಿಧಾನದಿಂದ ಹುಟ್ಟಿದವು. ಚಿಕ್ಕ ಫೈಲಿನಲ್ಲಿ ಅವು ಜೆಪೆಗ್‌ಗಿಂತ ಚೆಂದ ಕಾಣುತ್ತವೆ, ಚೌಕದ ಅಂಚು ಕಾಣುವುದಿಲ್ಲ. ಕಾಣದಿರುವುದಕ್ಕೆ ಕಾರಣ, ಬಿಡಿಸುವಾಗ ಅಂಚುಗಳನ್ನು ಉಜ್ಜಿ ನಯಮಾಡುವ ಹಂತ ಅವುಗಳಲ್ಲಿ ಸೇರಿದೆ. ಕುಗ್ಗಿಸುವುದು ಹೆಚ್ಚಾದಾಗ ಜೆಪೆಗ್ ಕಲ್ಲನ್ನು ಚೌಕ ಚೌಕ ಮಾಡಿದರೆ ಇವು ಮೇಣ ಸವರಿದ ಹಾಗೆ ಮಾಡುತ್ತವೆ. ಜೆಪೆಗ್‌ನ ತಪ್ಪು ತಪ್ಪೆಂದು ಕಾಣುತ್ತದೆ. ಇವುಗಳ ತಪ್ಪು ಸ್ವಚ್ಛವಾದ ಕಲ್ಲಿನಂತೆ ಕಾಣುತ್ತದೆ, ನನಗೆ ಹೆಚ್ಚು ಭಯ ಅದರದೇ. ಎವಿಐಎಫ್‌ನ ಬುನಾದಿಯಾದ ಎವಿ1ರಲ್ಲಿ ಇನ್ನೊಂದು ಸೌಲಭ್ಯವಿದೆ: ಚಿತ್ರದ ಕಾಳನ್ನು ತೆಗೆದುಹಾಕಿ, ತೋರಿಸುವಾಗ ಅದೇ ಬಗೆಯ ಕೃತಕ ಕಾಳನ್ನು ಮತ್ತೆ ಎರಚುವುದು. ಸಿನಿಮಾಕ್ಕೆ ಅದು ಜಾಣತನದ ಉಪಾಯ, ಶಾಸನದ ಫೋಟೊದಲ್ಲಿ ಅದನ್ನು ಕಡ್ಡಾಯವಾಗಿ ಆಫ್ ಇಡಬೇಕು. ಜೆಪೆಗ್ ಎಕ್ಸ್‌ಎಲ್‌ನಲ್ಲೂ ‘ಕಣ್ಣಿಗೆ ನಷ್ಟ ಕಾಣದು’ ಎಂಬ ನಷ್ಟಸಹಿತ ಮಟ್ಟ ಇದೆ. ಆ ಭರವಸೆ ಇರುವುದು ಚಿತ್ರವನ್ನು ಇದ್ದ ಹಾಗೆ ನೋಡುವ ಕಣ್ಣಿಗೆ. ಆರು ಪಟ್ಟು ಕಾಂಟ್ರಾಸ್ಟ್ ಎಳೆದು ನೋಡುವ ಕಣ್ಣಿಗೆ ಯಾರೂ ಭರವಸೆ ಕೊಟ್ಟಿಲ್ಲ.

ಇನ್ನು ಕಳಿಸುವ ಪ್ರತಿ. ಓದುವವರಿಗೆ ತಿದ್ದಿದ ಚಿತ್ರದ ಜೆಪೆಗ್ ಸಾಕು, ಏಕೆಂದರೆ ಅಡಗಿದ್ದ ಗೀರು ಈಗ ಎದ್ದು ಬಂದಿದೆ, ಅದರ ಬಲ ಭಾಜಕವನ್ನು ಮೀರಿದೆ. ಬಣ್ಣವನ್ನು ಅರ್ಧ ಮಾಡದೆ, ಗುಣಮಟ್ಟ ಮೇಲಿಟ್ಟು ಉಳಿಸಿ, ಏನು ಕಳೆಯಿತೆಂದು ವ್ಯತ್ಯಾಸದ ಚಿತ್ರ ಮಾಡಿ ನೋಡಬಹುದು:

```
magick sudharita.png -sampling-factor 4:4:4 -quality 95 kalisu.jpg
magick sudharita.png kalisu.jpg -compose difference -composite -auto-level vyatyasa.png
```

ಎರಡನೆಯ ಸಾಲು ಒಂದು ಚಿತ್ರದಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಆ ಚಿತ್ರದಲ್ಲಿ ಎಲ್ಲ ಕಡೆ ಒಂದೇ ಸಮನೆ ಮರಳು ಚೆಲ್ಲಿದಂತೆ ಕಂಡರೆ ಹೋದದ್ದು ಬರಿಯ ಕಾಳು, ಚಿಂತೆಯಿಲ್ಲ. ಅಕ್ಷರದ ಆಕಾರ ಓದಲು ಬರುವ ಹಾಗಿದ್ದರೆ ಅಕ್ಷರದ್ದೇ ಒಂದು ಪಾಲು ಸೋರಿದೆ, ಗುಣಮಟ್ಟ ಏರಿಸಬೇಕು. ಮೊದಲು ಹೇಳಿದ ‘ಫಲವನ್ನೇ ನೋಡುವ’ ದಾರಿ ಇದು. ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಹಾಕದೆ ‘ಡಾಕ್ಯುಮೆಂಟ್’ ಎಂದು ಆರಿಸಿ ಹಾಕಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಎಚ್‌ಡಿ ಗುಂಡಿ ಒತ್ತಿದರೂ ಅದು ಮತ್ತೆ ಕುಗ್ಗಿಸಿದ ಪ್ರತಿಯೇ. ಗೂಗಲ್ ಫೋಟೊಸ್‌ನಲ್ಲಿ ಜಾಗ ಉಳಿಸುವ ಸೆಟ್ಟಿಂಗ್ ಇದ್ದರೆ ಅಲ್ಲಿಂದ ಮರಳಿ ಪಡೆದ ಫೈಲೂ ಮೂಲವಲ್ಲ.

ಕಡೆಯದಾಗಿ ಪಡಿಯಚ್ಚು ಮತ್ತು ಪುಸ್ತಕಗಳ ಸ್ಕ್ಯಾನ್. ಶಾಸನದ ಮೇಲೆ ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ತೆಗೆದ ಪಡಿಯಚ್ಚನ್ನೂ ಅಚ್ಚಾದ ಪಾಠವನ್ನೂ ಕಪ್ಪು-ಬಿಳಿ ಪಿಡಿಎಫ್ ಮಾಡಿಡುವವರು ಬಹಳ. ಅಂಥ ಪಿಡಿಎಫ್‌ನಲ್ಲಿ ಜೆಬಿಗ್2 ಎಂಬ ವಿಧಾನ ಬಳಕೆಯಾಗಬಹುದು. ಅದರ ನಷ್ಟಸಹಿತ ರೂಪ ಪುಟದ ಮೇಲೆ ಒಂದೇ ಥರ ಕಾಣುವ ಆಕಾರಗಳನ್ನು ಒಂದೇ ಎಂದು ತಿಳಿದು, ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್, ಝೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡಿದ ಕಾಗದದಲ್ಲಿ 6 ಇದ್ದ ಕಡೆ 8 ಬರುತ್ತಿರುವುದನ್ನು ತೋರಿಸಿಕೊಟ್ಟರು, ಕಾರಣ ಇದೇ ವಿಧಾನವಾಗಿತ್ತು. ಪುಟ ಮಸುಕಾಗಿರಲಿಲ್ಲ, ಅಂಕಿ ಸ್ಪಷ್ಟವಾಗಿಯೇ ಇತ್ತು, ಆದರೆ ಬೇರೆಯದಾಗಿತ್ತು. ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ನಡುವಿನದು ಒಂದು ಸಣ್ಣ ಸೀಳಷ್ಟೇ. ಚಿಕ್ಕ ಅಕ್ಷರದ ಅಡಿಟಿಪ್ಪಣಿಯಲ್ಲಿ ಅದು ಮೂರ್ನಾಲ್ಕು ಪಿಕ್ಸೆಲ್. ಹಾಗಾಗಿ ಪಡಿಯಚ್ಚನ್ನು ಬೂದು ಬಣ್ಣದಲ್ಲಿ, ನಷ್ಟರಹಿತ ಟಿಫ್‌ನಲ್ಲಿ ಸ್ಕ್ಯಾನ್ ಮಾಡಬೇಕು. ಕಪ್ಪು-ಬಿಳಿಯೇ ಬೇಕಾದ ಪುಟಕ್ಕೆ ಟಿಫ್‌ನ ‘ಗ್ರೂಪ್ 4’ ಆಯ್ಕೆ ಇದೆ, ಅದು ನಷ್ಟರಹಿತ. ಈಗಾಗಲೇ ಇರುವ ಪಿಡಿಎಫ್ ಮೇಲೆ ಅನುಮಾನ ಬಂದರೆ ಒಂದೇ ಪುಟದಲ್ಲಿ ನಾಲ್ಕೈದು ಕಡೆ ಬರುವ ಒಂದು ಅಕ್ಷರವನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ. ಮಸಿ ಹರಡಿದ ರೀತಿ, ಅಂಚಿನ ಮುಕ್ಕು ಎಲ್ಲ ಕಡೆಯೂ ಪಿಕ್ಸೆಲ್ ಪಿಕ್ಸೆಲ್ ಒಂದೇ ಆಗಿದ್ದರೆ ಅವು ಅಚ್ಚಿನಿಂದ ಬಂದ ಅಕ್ಷರಗಳಲ್ಲ, ಫೈಲು ಅಂಟಿಸಿದ ಪ್ರತಿಗಳು. ಆ ಪುಟದ ಪಾಠವನ್ನು ಮೂಲ ಪುಸ್ತಕ ತೆರೆದು ಒಮ್ಮೆ ತಾಳೆ ನೋಡಿದ ಮೇಲೆಯೇ ಉಲ್ಲೇಖಿಸಬೇಕು.